ಬ್ರೋಕರ್ ಕರೆಯಿಂದ ಟಿಪ್ಪಣಿ ತೆಗೆಯುವುದು: ಒಂದು ಸೈಟಿನ ಉದಾಹರಣೆ

ರೆಕಾರ್ಡಿಂಗ್ ಕೇಳುತ್ತಾ ಬರೆಯುವಾಗ ಬೆಲೆ, ಚಕ್ಕುಬಂದಿ, ದಾಖಲೆ, ಅನುಮಾನ ಎಂದು ನಾಲ್ಕು ಭಾಗ ಮಾಡಿಕೊಳ್ಳಿ. ಪ್ರತಿ ಸಾಲಿನ ಪಕ್ಕದಲ್ಲಿ ಅದು ಎಷ್ಟನೇ ನಿಮಿಷದ ಮಾತು ಎಂದೂ ಬರೆಯಿರಿ. ಅಭ್ಯಾಸಕ್ಕೆ ಈ ಕರೆ ತೆಗೆದುಕೊಳ್ಳೋಣ:

"ಮೂವತ್ತು-ನಲವತ್ತು ಸೈಟು ಸರ್, ಪೂರ್ವಕ್ಕೆ ರಸ್ತೆ. ಅಡಿಗೆ 2,800. ಒಟ್ಟು 35ಕ್ಕೆ ಮುಗಿಸೋಣ. ಹಿಂದೆ 15ನೇ ನಂಬರು, ಬಡಗಲಿಗೆ ನಮ್ಮವರದೇ ಸೈಟು, ತೆಂಕಲಿಗೆ ಖಾಲಿ ಜಾಗ. ಇ-ಖಾತಾ ಆಗಿದೆ, ಇಸಿ ಕ್ಲಿಯರ್. ಪಿತ್ರಾರ್ಜಿತ ಆಸ್ತಿ, ಅಣ್ಣತಮ್ಮಂದಿರೆಲ್ಲ ಸಹಿ ಹಾಕ್ತಾರೆ."

ಬೆಲೆ: 1,200 ಚದರಡಿಗೆ 2,800ರಂತೆ 33,60,000 ರೂಪಾಯಿ ಆಗುತ್ತದೆ. ಅವರು ಹೇಳಿದ್ದು 35 ಲಕ್ಷ. ಎರಡೂ ಅಂಕಿಗಳನ್ನು ಹಾಗೇ ಬರೆದು, ಉಳಿದ 1,40,000 ಯಾತಕ್ಕೆ ಎಂಬುದನ್ನು ಅನುಮಾನದ ಭಾಗಕ್ಕೆ ಹಾಕಿ. ಅದು ಕಮಿಷನ್ ಇರಬೇಕು ಎಂದು ನಾವೇ ಊಹಿಸಿ ತುಂಬಬಾರದು.

ಚಕ್ಕುಬಂದಿ: ಪೂರ್ವಕ್ಕೆ ರಸ್ತೆ ಇರುವುದರಿಂದ "ಹಿಂದೆ" ಎಂದರೆ ಪಶ್ಚಿಮ. ತೆಂಕಲಿನ "ಖಾಲಿ ಜಾಗ" ಯಾರದು? ಲೇಔಟ್ ನಕ್ಷೆಯಲ್ಲಿ ಅದು ಪಾರ್ಕೋ, ರಾಜಕಾಲುವೆಯೋ, ಇನ್ನೊಬ್ಬರ ಸೈಟೋ ಎಂದು ನೋಡಬೇಕು. ಕ್ರಯಪತ್ರದ ಷೆಡ್ಯೂಲಿನಲ್ಲಿ ನಾಲ್ಕೂ ದಿಕ್ಕಿಗೆ ಸೈಟ್ ನಂಬರೋ ಮಾಲೀಕರ ಹೆಸರೋ ಸ್ಪಷ್ಟವಾಗಿರಬೇಕು. "ನಮ್ಮವರು" ಎಂಬ ಮಾತು ಗಡಿ ಗುರುತಿಸುವುದಿಲ್ಲ.

ಹೆಚ್ಚು ಜನ ಎಡವುವುದು ದಾಖಲೆಯ ಭಾಗದಲ್ಲಿ. "ಇ-ಖಾತಾ ಆಗಿದೆ" ಎಂಬ ಮಾತನ್ನು ಕೇಳಿ "ನೋಡಿದ ದಾಖಲೆ: ಇ-ಖಾತಾ" ಎಂದು ಬರೆದುಬಿಡುತ್ತಾರೆ. ಆಮೇಲೆ ಓದುವ ಮನೆಯವರು ಅದನ್ನು ಯಾರೋ ಪರಿಶೀಲಿಸಿಯಾಗಿದೆ ಎಂದೇ ನಂಬುತ್ತಾರೆ. ಹಾಗಾಗಿ "ಇದೆ ಎಂದರು", "ವಾಟ್ಸಾಪಿನಲ್ಲಿ ಫೋಟೋ ಬಂತು", "ಮೂಲ ಪ್ರತಿ ನೋಡಿದೆ" ಎಂದು ಮೂರು ಬಗೆಯಾಗಿ ಬರೆಯಿರಿ. ಈ ಕರೆಯ ಮಟ್ಟಿಗೆ ನೋಡಿದ ದಾಖಲೆ ಒಂದೂ ಇಲ್ಲ.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರದ ಬಗ್ಗೆ ಎರಡು ಪ್ರಶ್ನೆ ಬರೆದುಕೊಳ್ಳಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ತೆಗೆಸಿದ್ದು? ಸೈಟ್ ನಂಬರಿನ ಮೇಲೋ, ಸರ್ವೆ ನಂಬರಿನ ಮೇಲೋ? ಲೇಔಟ್ ಆಗುವುದಕ್ಕೆ ಮುಂಚಿನ ವ್ಯವಹಾರಗಳು ಸರ್ವೆ ನಂಬರಿನಡಿ ನೋಂದಣಿ ಆಗಿರುತ್ತವೆ. ಸೈಟ್ ನಂಬರಿನಿಂದ ಮಾತ್ರ ಹುಡುಕಿದರೆ ಅವು ಕಾಣದೇ ಹೋಗಬಹುದು. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಇಸಿಯಲ್ಲಿ ಬರುವುದೇ ಇಲ್ಲ.

ಅನುಮಾನಗಳಲ್ಲಿ ದೊಡ್ಡದು ಕೊನೆಯ ವಾಕ್ಯದಲ್ಲಿದೆ. ಅಣ್ಣತಮ್ಮಂದಿರು ಸಹಿ ಹಾಕುತ್ತಾರೆ ಸರಿ, ಅಕ್ಕತಂಗಿಯರು? 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರ ಸಹಿ ಇಲ್ಲದೆ ಕೊಂಡರೆ ಮುಂದೆ ಪಾಲು ಕೇಳಿ ದಾವೆ ಹೂಡಬಹುದು. ಟಿಪ್ಪಣಿಯಲ್ಲಿ ಹೀಗೆ ಬರೆಯಿರಿ: "ಹೆಣ್ಣುಮಕ್ಕಳ ಪ್ರಸ್ತಾಪ ಬರಲಿಲ್ಲ. ವಂಶವೃಕ್ಷ, ವಿಭಾಗಪತ್ರ ತರಿಸಿ ವಕೀಲರಿಗೆ ತೋರಿಸಬೇಕು. ಅಲ್ಲಿಯವರೆಗೆ ಮುಂಗಡ ಕೊಡುವುದಿಲ್ಲ."