‘ಕೋರ್ಸ್ ಮುಗಿಸಿ’ ಅನ್ನುವ ಮಾತು ಎಲ್ಲಿಂದ ಬಂತು?

ಆಂಟಿಬಯೋಟಿಕ್ ಬರೆದುಕೊಡುವಾಗ ವೈದ್ಯರು ‘ಕೋರ್ಸ್ ಮುಗಿಸಿ’ ಅನ್ನುತ್ತಾರೆ, ಅಂದರೆ ವಾಸಿ ಅನ್ನಿಸಿದರೂ ಹೇಳಿದಷ್ಟು ದಿನ ಪೂರ್ತಿ ತಿನ್ನಿ ಅಂತ. ಈ ಮಾತಿನ ಹಿಂದಿನ ಲೆಕ್ಕ ತಿಳಿಯಲು ಕ್ಷಯದಿಂದ ಶುರು ಮಾಡೋಣ. 1947ರಲ್ಲಿ ಬ್ರಿಟನ್ನಿನ ವೈದ್ಯರ ಕೈಗೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಆಂಟಿಬಯೋಟಿಕ್ ಸಿಕ್ಕಿತು. ಅಲ್ಲಿವರೆಗೆ ಕ್ಷಯಕ್ಕೆ ಮುಖ್ಯ ಮದ್ದು ಅಂದರೆ ಹಾಸಿಗೆಯ ಮೇಲಿನ ವಿಶ್ರಾಂತಿಯೇ. ಆದರೆ ಎಲ್ಲರಿಗೂ ಕೊಡುವಷ್ಟು ಔಷಧ ಇರಲಿಲ್ಲ. ಹಾಗಾಗಿ 107 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 55 ಮಂದಿಗೆ ವಿಶ್ರಾಂತಿಯ ಜೊತೆ ಇಂಜೆಕ್ಷನ್, ಉಳಿದ 52 ಮಂದಿಗೆ ಬರೀ ವಿಶ್ರಾಂತಿ.

ಆರು ತಿಂಗಳಾದಾಗ ಇಂಜೆಕ್ಷನ್ ಪಡೆದವರಲ್ಲಿ 4 ಮಂದಿ ಸತ್ತಿದ್ದರು, ಇನ್ನೊಂದು ಗುಂಪಿನಲ್ಲಿ 14. ದೊಡ್ಡ ಗೆಲುವೇ ಅನ್ನಿಸುತ್ತದೆ ಅಲ್ವಾ? ಐದು ವರ್ಷ ಕಳೆದ ಮೇಲೆ ನೋಡಿದರೆ ಇಂಜೆಕ್ಷನ್ ಪಡೆದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಬದುಕಿರಲಿಲ್ಲ. ಎರಡು ಗುಂಪಿನ ನಡುವಿನ ಅಂತರ ಬಹಳ ಕಿರಿದಾಗಿತ್ತು.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ರೋಗಿಗಳು ಯಾರೂ ಇಂಜೆಕ್ಷನ್ ಅರ್ಧಕ್ಕೆ ಬಿಟ್ಟವರಲ್ಲ. ಆಸ್ಪತ್ರೆಯಲ್ಲೇ ಇದ್ದು, ದಿನಕ್ಕೆ 2 ಗ್ರಾಂ ಲೆಕ್ಕದಲ್ಲಿ ನಾಲ್ಕು ತಿಂಗಳು ತೆಗೆದುಕೊಂಡವರು. ಮೊದಲ ವಾರಗಳಲ್ಲಿ ಜ್ವರ ಇಳಿಯುತ್ತಿತ್ತು, ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಆಗುತ್ತಿತ್ತು. ಆಮೇಲೆ ಎಷ್ಟೋ ಮಂದಿಗೆ ಕಾಯಿಲೆ ಮತ್ತೆ ಏರುತ್ತಿತ್ತು. ಆಗ ಅವರ ಕಫದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ಬೆರೆಸಿದ ಆಹಾರದಲ್ಲಿ ಬೆಳೆಸಿ ನೋಡಿದರೆ, ಅದು ಏನೂ ಆಗದ ಹಾಗೆ ಬೆಳೆಯುತ್ತಿತ್ತು. ಔಷಧಕ್ಕೆ ಅದು ಬಗ್ಗುತ್ತಲೇ ಇರಲಿಲ್ಲ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಕ್ಷಯ ಪೀಡಿತ ಶ್ವಾಸಕೋಶದಲ್ಲಿ ಆಗುವ ಒಂದು ಗೂಡಿನಲ್ಲಿ ಸುಮಾರು 10 ಕೋಟಿ ಬ್ಯಾಕ್ಟೀರಿಯಾ ಇರಬಹುದು. ಅವು ಒಂದು ಎರಡಾಗುವಾಗ ವಂಶವಾಹಿಯಲ್ಲಿ ಆಗಾಗ ನಕಲು ತಪ್ಪು ಆಗುತ್ತದೆ. ಹೆಚ್ಚಿನ ತಪ್ಪುಗಳಿಂದ ಪ್ರಯೋಜನ ಇಲ್ಲ. ಆದರೆ ಅಂದಾಜು 10 ಲಕ್ಷಕ್ಕೆ ಒಂದರಲ್ಲಿ ಆಗುವ ತಪ್ಪು, ಸ್ಟ್ರೆಪ್ಟೊಮೈಸಿನ್ ಬಂದು ಅಂಟಿಕೊಳ್ಳುವ ಜಾಗವನ್ನೇ ಬದಲಾಯಿಸಿಬಿಡುತ್ತದೆ. ಅಂದರೆ ಮೊದಲ ಇಂಜೆಕ್ಷನ್ ಚುಚ್ಚುವ ಮುಂಚೆಯೇ ಆ ಗೂಡಿನಲ್ಲಿ ನೂರರಷ್ಟು ಬಗ್ಗದ ಬ್ಯಾಕ್ಟೀರಿಯಾ ಇವೆ.

ಔಷಧ ಅವುಗಳನ್ನು ಹುಟ್ಟಿಸಲಿಲ್ಲ. ಅವುಗಳ ಸುತ್ತ ಇದ್ದ ಉಳಿದವನ್ನೆಲ್ಲ ಕೊಂದು ಜಾಗ ಖಾಲಿ ಮಾಡಿಕೊಟ್ಟಿತು, ಅಷ್ಟೇ. ನೂರು ಮತ್ತೆ 10 ಕೋಟಿ ಆಗಲು ಸುಮಾರು 20 ಸಲ ಇಮ್ಮಡಿಯಾದರೆ ಸಾಕು. ಕ್ಷಯದ ಬ್ಯಾಕ್ಟೀರಿಯಾ ನಿಧಾನದ್ದು, ಇಮ್ಮಡಿಯಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಮೈಯೊಳಗೆ ಅದಕ್ಕೆ ಅಡೆತಡೆ ಇದ್ದೇ ಇರುತ್ತದೆ. ಆದರೂ ಒಂದೆರಡು ತಿಂಗಳು ಧಾರಾಳ ಆಯಿತು. (“ನನ್ನ ಮೈಗೆ ಈ ಮಾತ್ರೆ ಅಭ್ಯಾಸ ಆಗಿಬಿಟ್ಟಿದೆ” ಅನ್ನುವವರಿದ್ದಾರೆ. ಮೈಗೆ ಏನೂ ಅಭ್ಯಾಸ ಆಗಿರುವುದಿಲ್ಲ. ಬದಲಾಗಿರುವುದು ಬ್ಯಾಕ್ಟೀರಿಯಾ.)

ಪರಿಹಾರವೂ ಇದೇ ಲೆಕ್ಕದಲ್ಲೇ ಇತ್ತು. ಬೇರೆ ಬೇರೆ ರೀತಿಯಲ್ಲಿ ಕೊಲ್ಲುವ ಎರಡು ಔಷಧ ಒಟ್ಟಿಗೆ ಕೊಟ್ಟರೆ, ಎರಡಕ್ಕೂ ಬಗ್ಗದ ಬ್ಯಾಕ್ಟೀರಿಯಾ ಸಿಗುವುದು ಲಕ್ಷ ಕೋಟಿಗೆ ಒಂದು. 10 ಕೋಟಿಯ ಗೂಡಿನಲ್ಲಿ ಅಂಥದ್ದು ಇರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಇವತ್ತಿಗೂ ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಕಡಿಮೆ ಔಷಧ ಕೊಡುವ ಪದ್ಧತಿಯ ಬುಡ ಇದು. ಹಲವು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸುವುದೂ ಇದಕ್ಕೇ. ಸೇರಿಸಿಬಿಟ್ಟರೆ ರೋಗಿ ಒಂದನ್ನು ನುಂಗಿ ಇನ್ನೊಂದನ್ನು ಬಿಡುವ ಹಾಗಿಲ್ಲ.

ಹಾಗಾದರೆ ಆರು ತಿಂಗಳು ಯಾಕೆ? ಎರಡನೇ ತಿಂಗಳ ಹೊತ್ತಿಗೆ ಕೆಮ್ಮು ನಿಂತಿರುತ್ತದೆ, ಹಸಿವು ಬಂದಿರುತ್ತದೆ, ತೂಕ ಏರಿರುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾ ಬೆಳೆಯದೆ ಸುಮ್ನೆ ಮಲಗಿರುತ್ತವೆ. ಔಷಧ ಚೆನ್ನಾಗಿ ಹೊಡೆಯುವುದು ಬೆಳೆಯುತ್ತಿರುವವನ್ನು, ಮಲಗಿದವು ತಪ್ಪಿಸಿಕೊಳ್ಳುತ್ತವೆ. ಇವು ಮದ್ದಿಗೆ ಬಗ್ಗದವು ಅಲ್ಲ, ಸಿಕ್ಕಿಬೀಳದವು ಅಷ್ಟೇ. ಒಂದೊಂದಾಗಿ ಎಚ್ಚರಗೊಂಡಾಗ ಔಷಧ ಮೈಯಲ್ಲಿ ಇರಬೇಕು, ಅದಕ್ಕೇ ಆ ಉಳಿದ ತಿಂಗಳುಗಳು. ನಡುವೆ ನಿಲ್ಲಿಸಿದರೆ ಅವು ಮತ್ತೆ ಕೋಟಿಗಟ್ಟಲೆ ಆಗುತ್ತವೆ. ಕೋಟಿ ಆದಲ್ಲಿ ನಕಲು ತಪ್ಪು ಮತ್ತೆ ಆಗುತ್ತದೆ. ನಾಲ್ಕು ದಿನ ತಿಂದು ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿದರೆ, ಆ ತಪ್ಪಿನಿಂದ ಹುಟ್ಟಿದವನ್ನು ಆರಿಸಿ ಬೆಳೆಸಿದ ಹಾಗೆಯೇ.

ಇಲ್ಲಿಯವರೆಗಿನದು ಕ್ಷಯದ ಕಥೆ. ಗಂಟಲು ನೋವಿನ ಕಥೆ ಹೀಗೇ ಇಲ್ಲ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿ ಒಂದು ಕಲ್ಪಿತ ಪ್ರಸಂಗ ಹೇಳಿದ್ದರು. ಒಬ್ಬನಿಗೆ ಗಂಟಲು ನೋವು. ಪೆನಿಸಿಲಿನ್ ಕೊಂಡು ತಾನೇ ತಿನ್ನುತ್ತಾನೆ, ಆದರೆ ಸಾಕಾಗುವಷ್ಟು ತಿನ್ನುವುದಿಲ್ಲ. ಬ್ಯಾಕ್ಟೀರಿಯಾ ಸಾಯುವ ಬದಲು ಪೆನಿಸಿಲಿನ್ ತಡೆದುಕೊಳ್ಳುವುದನ್ನು ಕಲಿಯುತ್ತದೆ. ಅವನಿಂದ ಹೆಂಡತಿಗೆ ಸೋಂಕು ತಗಲುತ್ತದೆ. ಅವಳಿಗೆ ಪೆನಿಸಿಲಿನ್ ನಾಟುವುದಿಲ್ಲ, ಸಾಯುತ್ತಾಳೆ. ಫ್ಲೆಮಿಂಗ್ ಹೆಸರಿಸಿದ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್. ತಮಾಷೆ ಏನೆಂದರೆ, ಗಂಟಲು ನೋವು ತರುವ ಮುಖ್ಯ ಸ್ಟ್ರೆಪ್ಟೊಕಾಕಸ್‌ಗೆ ಇವತ್ತಿಗೂ ಪೆನಿಸಿಲಿನ್ ನಾಟುತ್ತದೆ. ಎಚ್ಚರಿಕೆ ಸರಿ ಇತ್ತು, ಉದಾಹರಣೆ ತಪ್ಪಿತ್ತು. ಈ ಗಂಟಲು ನೋವಿಗೆ ವಾಡಿಕೆಯಲ್ಲಿ 10 ದಿನ ಔಷಧ ಕೊಡುವುದು ಪ್ರತಿರೋಧದ, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದೆ ಹೋಗುವ, ಭಯಕ್ಕಲ್ಲ. ಗಂಟಲಲ್ಲಿ ಬ್ಯಾಕ್ಟೀರಿಯಾ ಉಳಿದರೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಬಹುದು ಅಂತ.

ಸಾಮಾನ್ಯ ಸೋಂಕುಗಳಲ್ಲಿ ಪ್ರತಿರೋಧ ಹೆಚ್ಚಾಗಿ ಬೆಳೆಯುವುದು ಕಾಯಿಲೆ ಇರುವ ಜಾಗದಲ್ಲೇ ಅಲ್ಲ. ಗಂಟಲಿಗೆ ಅಂತ ನುಂಗಿದ ಮಾತ್ರೆ ಕರುಳಿಗೂ ಚರ್ಮಕ್ಕೂ ಹೋಗುತ್ತದೆ. ಅಲ್ಲಿ ನಮ್ಮ ಜೊತೆ ತಣ್ಣಗೆ ಬದುಕುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲೂ ಬಗ್ಗದವನ್ನು ಉಳಿಸುವ ಅದೇ ಆಯ್ಕೆ ನಡೆಯುತ್ತದೆ. ಪ್ರತಿರೋಧದ ವಂಶವಾಹಿಯನ್ನು ಬ್ಯಾಕ್ಟೀರಿಯಾ ಒಂದರಿಂದ ಒಂದಕ್ಕೆ ದಾಟಿಸಬಲ್ಲದು, ಬೇರೆ ಜಾತಿಗೂ. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿಯ ಬ್ಯಾಕ್ಟೀರಿಯಾ ಹಲವು ಔಷಧಗಳಿಗೆ ಒಟ್ಟಿಗೇ ಬಗ್ಗದೆ ಹೋದಾಗ ಈ ದಾಟುವಿಕೆ ಬೆಳಕಿಗೆ ಬಂತು. ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯೋಟಿಕ್ ತಿಂದರೆ ನೆಗಡಿಗೆ ಲಾಭ ಸೊನ್ನೆ, ಕರುಳಿನ ಈ ಆಯ್ಕೆ ಮಾತ್ರ ಪೂರ್ತಿ ನಡೆಯುತ್ತದೆ.

ಆದ್ದರಿಂದ ಇಂಥ ಕಡೆ ಬೇಕಾದ್ದಕ್ಕಿಂತ ಜಾಸ್ತಿ ದಿನ ತಿನ್ನುವುದೂ ಪ್ರತಿರೋಧವನ್ನು ಬೆಳೆಸುತ್ತದೆ. 2017ರಲ್ಲಿ ಬ್ರಿಟನ್ನಿನ ಕೆಲವು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ‘ಕೋರ್ಸ್ ಮುಗಿಸಿ’ ಅನ್ನುವ ಸಲಹೆಯನ್ನೇ ಪ್ರಶ್ನಿಸಿದರು. ಬೇಗ ನಿಲ್ಲಿಸಿದರೆ ಪ್ರತಿರೋಧ ಬೆಳೆಯುತ್ತದೆ ಅನ್ನುವುದಕ್ಕೆ ಇಂಥ ಸೋಂಕುಗಳಲ್ಲಿ ಪುರಾವೆ ಎಲ್ಲಿದೆ ಅಂತ ಅವರ ಪ್ರಶ್ನೆ. ಅಷ್ಟು ಹೊತ್ತಿಗೆ ನ್ಯುಮೋನಿಯಾ, ಮೂತ್ರದ ಸೋಂಕುಗಳಿಗೆ ಎಷ್ಟೋ ರೋಗಿಗಳಲ್ಲಿ ಕಡಿಮೆ ದಿನವೇ ಸಾಕು ಅಂತ ಪ್ರಯೋಗಗಳು ತೋರಿಸಿದ್ದವು. ವೈದ್ಯರು ಈಗ ಚೀಟಿಯಲ್ಲಿ 10 ದಿನದ ಬದಲು 5 ದಿನ ಬರೆಯುವುದು ಇದರಿಂದ.

ನನಗೆ ಅವರ ವಾದ ಬಹುಮಟ್ಟಿಗೆ ಸರಿ ಅನ್ನಿಸುತ್ತದೆ. ಆದರೆ ಅದನ್ನು ‘ಚೆನ್ನಾಗಿದ್ದೀನಿ ಅನ್ನಿಸಿದ ಕೂಡಲೇ ಬಿಟ್ಟುಬಿಡಿ’ ಅಂತ ಓದಿಕೊಂಡರೆ ಎಡವಟ್ಟು. ಕ್ಷಯ, ಮೂಳೆಯ ಸೋಂಕು, ಹೃದಯದ ಕವಾಟದ ಸೋಂಕು, ಇವುಗಳಲ್ಲಿ ಜ್ವರ ಇಳಿಯುವುದಕ್ಕೂ ಸೋಂಕು ಹೋಗುವುದಕ್ಕೂ ವಾರಗಟ್ಟಲೆ ಅಂತರ ಇರುತ್ತದೆ, ಅದು ಹೊರಗೆ ಕಾಣುವುದಿಲ್ಲ. ತನ್ನ ಸೋಂಕು ಯಾವ ಬಗೆಯದು ಅಂತ ರೋಗಿಗೆ ತಿಳಿಯುವುದೂ ಕಷ್ಟ. ಮೂರನೇ ದಿನಕ್ಕೇ ಪೂರ್ತಿ ವಾಸಿ ಅನ್ನಿಸಿದರೆ, ಬರೆದುಕೊಟ್ಟವರಿಗೆ ಒಂದು ಫೋನ್ ಮಾಡಿ, “ಉಳಿದದ್ದು ಬೇಕಾ?” ಅಂತ ಕೇಳಬಹುದು. ಸಾಕು ಅಂದರೆ ಉಳಿದ ಮಾತ್ರೆಗಳನ್ನು ಮುಂದಿನ ಗಂಟಲು ನೋವಿಗೆ ಅಂತ ಎತ್ತಿಡಬೇಡಿ. ಆ ನೋವು ವೈರಸ್‌ನದೇ ಆಗಿರುವ ಸಂಭವ ಜಾಸ್ತಿ.