ಗ್ರಹಗಳೆಲ್ಲ ಒಂದೇ ಅರ್ಧದಲ್ಲಿ: ಪಾಶ್ಚಾತ್ಯ ಕುಂಡಲಿಯಲ್ಲಿ ‘ನಾನು’ ಮತ್ತು ‘ಇತರರು’

ಪಾಶ್ಚಾತ್ಯ ಪದ್ಧತಿಯ ಜಾತಕವನ್ನು ಮೊಬೈಲಿನಲ್ಲಿ ಹಾಕಿಸಿಕೊಂಡ ಶಿವಮೊಗ್ಗದ ಕಾಲೇಜು ಹುಡುಗರು ಈಚೆಗೆ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಾರೆ. ಚಕ್ರದ ಎಡಭಾಗದಲ್ಲೇ ಗ್ರಹಗಳು ತುಂಬಿಕೊಂಡಿದ್ದರೆ ತಾವು ಸ್ವಾರ್ಥಿಗಳೇ, ಬಲಭಾಗದಲ್ಲೇ ತುಂಬಿದ್ದರೆ ಬದುಕಿಡೀ ಇನ್ನೊಬ್ಬರ ಮಾತಿಗೆ ಕಾಯುವವರೇ ಎಂಬುದು ಅವರ ಆತಂಕ. ನಮ್ಮ ಮನೆಗಳಲ್ಲಿರುವ ಚೌಕದ ಕುಂಡಲಿಯನ್ನು ನೋಡಿ ಬೆಳೆದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅದರಲ್ಲಿ ಮೇಷದ ಮನೆ ಯಾವಾಗಲೂ ಇದ್ದಲ್ಲೇ ಇರುತ್ತದೆ, ಲಗ್ನಕ್ಕೆ ಒಂದು ಅಡ್ಡಗೆರೆ ಎಳೆದಿರುತ್ತಾರೆ ಅಷ್ಟೆ. ಆಕಾಶದ ಯಾವ ಅರ್ಧ ಮೇಲಿತ್ತು, ಯಾವುದು ಕೆಳಗಿತ್ತು ಎಂಬುದು ಕಣ್ಣಿಗೆ ಬೀಳುವುದಿಲ್ಲ. ಪಾಶ್ಚಾತ್ಯರ ಚಕ್ರದಲ್ಲಿ ಲಗ್ನ ಯಾವಾಗಲೂ ಎಡಗಡೆ, ಅಂದರೆ ಪೂರ್ವ ದಿಗಂತದಲ್ಲಿ ನಿಂತಿರುತ್ತದೆ. ಅಲ್ಲಿಂದ ಸಪ್ತಮಕ್ಕೆ ಎಳೆದ ಗೆರೆ ಕ್ಷಿತಿಜ. ದಶಮ ಬಿಂದುವಿನಿಂದ ಚತುರ್ಥಕ್ಕೆ ಇಳಿಯುವ ಗೆರೆ ಮಧ್ಯಾಹ್ನರೇಖೆ. ಈ ಎರಡು ಗೆರೆಗಳಿಂದ ನಾಲ್ಕು ಅರ್ಧಗಳೂ ನಾಲ್ಕು ಕಾಲುಭಾಗಗಳೂ ಹುಟ್ಟುತ್ತವೆ.

ಇಂದಿನ ವಾಡಿಕೆಯ ಅರ್ಥ ಹೀಗಿದೆ. ಪೂರ್ವಾರ್ಧ ತುಂಬಿದ್ದರೆ ತಾನೇ ಹೆಜ್ಜೆ ಇಟ್ಟು, ತಾನೇ ಆಯ್ದುಕೊಂಡು ನಡೆಯುವ ಬದುಕು. ಪಶ್ಚಿಮಾರ್ಧ ತುಂಬಿದ್ದರೆ ಎದುರಿನವರ ಸ್ಪಂದನ, ಒಪ್ಪಂದ, ಸಂದರ್ಭಗಳ ಮೂಲಕ ರೂಪುಗೊಳ್ಳುವ ಬದುಕು. ಮೇಲರ್ಧ ಸಾರ್ವಜನಿಕ ನಡೆ, ಕೆಳಗಿನ ಅರ್ಧ ಮನೆ ಮತ್ತು ಮನಸ್ಸಿನೊಳಗಿನ ನಡೆ. ಇದು ಪುರಾತನ ಸೂತ್ರವೆಂದು ಅನೇಕರು ನಂಬಿದ್ದಾರೆ. ಆದರೆ ಅರ್ಧಗಳ ವಿಭಾಗ ಹಳೆಯದು, ಅವುಗಳಿಗೆ ಕೊಟ್ಟ ಈ ಅರ್ಥ ಹೊಸದು.

ಎರಡನೇ ಶತಮಾನದ ಟಾಲೆಮಿ ಕ್ಷಿತಿಜದ ಮೇಲಿನ ಭಾಗಕ್ಕೆ ವಿಶೇಷ ಮನ್ನಣೆ ಕೊಟ್ಟದ್ದು ಆಯುಷ್ಯದ ಲೆಕ್ಕದಲ್ಲಿ. ಪ್ರಾಣಕಾರಕ ಗ್ರಹವನ್ನು ಗುರುತಿಸುವಾಗ ಭೂಮಿಯ ಕೆಳಗೆ ಅಡಗಿದ ಭಾಗವನ್ನು ಬಿಟ್ಟುಬಿಡಬೇಕೆಂದು ಆತ ಬರೆದ. ನಮ್ಮ ವರಾಹಮಿಹಿರನೂ ಬೃಹಜ್ಜಾತಕದ ಆಯುರ್ದಾಯ ಪ್ರಕರಣದಲ್ಲಿ ದೃಶ್ಯಾರ್ಧವನ್ನೇ ಹಿಡಿಯುತ್ತಾನೆ: ಪಾಪಗ್ರಹ ಹನ್ನೆರಡನೇ ಮನೆಯಲ್ಲಿದ್ದರೆ ತಾನು ಕೊಡುವ ಆಯುಷ್ಯವನ್ನೆಲ್ಲ, ಹನ್ನೊಂದರಲ್ಲಿ ಅರ್ಧವನ್ನು, ಹೀಗೆ ಏಳನೇ ಮನೆಯವರೆಗೆ ಕಡಿಮೆಯಾಗುತ್ತಾ ಹೋಗುವ ಪಾಲನ್ನು ಕಳೆಯುತ್ತದೆ. ಎರಡೂ ಕಡೆ ಕಾಣುವ ಆಕಾಶ ಎಷ್ಟು ಕಾಲ ಬದುಕುತ್ತಾನೆ ಎಂಬುದರ ಲೆಕ್ಕಕ್ಕೆ ಬಂತೇ ಹೊರತು ವ್ಯಕ್ತಿ ತನ್ನವನೋ ಲೋಕದವನೋ ಎಂಬ ವಿಚಾರಕ್ಕಲ್ಲ. ಇಂಗ್ಲೆಂಡಿನ ವಿಲಿಯಂ ಲಿಲ್ಲಿ 1647ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಲ್ಕು ಕಾಲುಭಾಗಗಳು ಬರುತ್ತವೆ. ಲಗ್ನದಿಂದ ದಶಮದವರೆಗಿನದು ವಸಂತ, ಶೈಶವ ಮತ್ತು ರಕ್ತಪ್ರಕೃತಿಯದು. ಮುಂದಿನದು ಗ್ರೀಷ್ಮ, ಯೌವನ ಮತ್ತು ಪಿತ್ತದ್ದು. ಹೀಗೇ ಶರತ್ತು, ಕೊನೆಗೆ ಮುಪ್ಪು ಮತ್ತು ಕಫ. ವಯಸ್ಸು, ಋತು, ದೇಹಪ್ರಕೃತಿಗಳ ಈ ಹೊಂದಾಣಿಕೆಯಲ್ಲೂ ‘ನಾನು–ಇತರರು’ ಎಂಬ ತಕ್ಕಡಿ ಇಲ್ಲ.

ಆ ತಕ್ಕಡಿಯ ಬೀಜ ಮಾತ್ರ ಮನೆಗಳ ಕಾರಕತ್ವದಲ್ಲಿ ಮೊದಲಿನಿಂದಲೂ ಇತ್ತು. ಒಂದನೇ ಮನೆ ದೇಹ ಮತ್ತು ಜೀವದ್ದು, ಏಳನೇ ಮನೆ ವಿವಾಹದ್ದೂ ಎದುರಾಳಿಯದ್ದೂ. ಹತ್ತು ಕರ್ಮದ್ದು, ನಾಲ್ಕು ಹೆತ್ತವರ ಮತ್ತು ಮನೆಯದ್ದು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಭವಿಷ್ಯ ಹೇಳುವುದಕ್ಕಿಂತ ವ್ಯಕ್ತಿತ್ವವನ್ನು ಓದುವುದರ ಕಡೆಗೆ ಪಾಶ್ಚಾತ್ಯ ಜ್ಯೋತಿಷ್ಯ ಹೊರಳಿದಾಗ ಈ ನಾಲ್ಕು ಬಿಂದುಗಳ ಅರ್ಥ ಇಡೀ ಅರ್ಧಗಳಿಗೆ ಹರಡಿತು. ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ವರ್ಗೀಕರಣವನ್ನು ಮಂಡಿಸಿದ್ದರು. ಆ ಮನೋವಿಜ್ಞಾನದಿಂದ ಪ್ರೇರಣೆ ಪಡೆದ ಜ್ಯೋತಿಷಿ ಡೇನ್ ರುಡ್ಯಾರ್ 1936ರ ತಮ್ಮ ಕೃತಿಯಲ್ಲಿ ಇಡೀ ಕುಂಡಲಿಯನ್ನು ವ್ಯಕ್ತಿತ್ವದ ಒಂದೇ ಆಕೃತಿಯಾಗಿ ಕಂಡರು. ಮಾರ್ಕ್ ಎಡ್ಮಂಡ್ ಜೋನ್ಸ್ 1941ರಲ್ಲಿ, ಗ್ರಹಗಳು ಚಕ್ರದಲ್ಲಿ ಹೇಗೆ ಹರಡಿವೆ ಎಂಬುದನ್ನು ಬಿಡಿ ಗ್ರಹಗಳಿಗಿಂತ ಮೊದಲು ನೋಡಬೇಕೆಂದು ಏಳು ವಿನ್ಯಾಸಗಳನ್ನು ವಿವರಿಸಿದರು. ಒಂದು ನೋಟದಲ್ಲೇ ಇಡೀ ಜಾತಕದ ವಾಲಿಕೆಯನ್ನು ಹಿಡಿಯುವ ಅಭ್ಯಾಸ ಬೇರೂರಿದ್ದು ಇಂಥವರಿಂದ. ಇದು ಅಳೆದು ಸಾಧಿಸಿದ ಸಂಗತಿಯಲ್ಲ, ಸಂಕೇತದ ಓದು. ಆದರೂ ಸಂಕೇತವನ್ನು ಓದುವವರು ಆಕಾಶದ ಲೆಕ್ಕವನ್ನಾದರೂ ಸರಿಯಾಗಿ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಲ್ಲೇ ತೊಡಕಿರುವುದು. ಪಾಶ್ಚಾತ್ಯರು ಎಣಿಸುವ ಹತ್ತು ಗ್ರಹಗಳಲ್ಲಿ ಬುಧ ರವಿಯಿಂದ 28 ಅಂಶಕ್ಕಿಂತ ದೂರ ಹೋಗುವುದಿಲ್ಲ, ಶುಕ್ರ ಸುಮಾರು 47 ಅಂಶಕ್ಕಿಂತ ದೂರ ಹೋಗುವುದಿಲ್ಲ. ಹಾಗಾಗಿ ರವಿ ಇದ್ದ ಅರ್ಧಕ್ಕೆ ಬಹುಪಾಲು ಸಲ ಮೂರು ಮತಗಳು ಒಟ್ಟಿಗೇ ಬೀಳುತ್ತವೆ. ರವಿ ಯಾವ ಅರ್ಧದಲ್ಲಿದ್ದಾನೆ ಎಂಬುದನ್ನು ನಿರ್ಧರಿಸುವುದು ಹುಟ್ಟಿದ ಹೊತ್ತು ಮಾತ್ರ: ನಡುರಾತ್ರಿಯಿಂದ ನಡುಹಗಲಿನವರೆಗೆ ಪೂರ್ವಾರ್ಧ, ಆಮೇಲೆ ಪಶ್ಚಿಮಾರ್ಧ. ನಡುಹಗಲು ಎಂದರೆ ಗಡಿಯಾರದ 12 ಗಂಟೆಯೂ ಅಲ್ಲ. ನಮ್ಮ ಗಡಿಯಾರ 82.5 ಅಂಶ ರೇಖಾಂಶದ್ದು, ಶಿವಮೊಗ್ಗ ಇರುವುದು ಅದಕ್ಕಿಂತ ಸುಮಾರು 7 ಅಂಶ ಪಶ್ಚಿಮಕ್ಕೆ; ಆದ್ದರಿಂದ ಇಲ್ಲಿ ಸೂರ್ಯ ಮಧ್ಯಾಹ್ನರೇಖೆಗೆ ಬರುವುದು ಸರಾಸರಿ 12 ಗಂಟೆ 28 ನಿಮಿಷಕ್ಕೆ, ಜನವರಿ ಮಧ್ಯದಲ್ಲಿ ಇನ್ನೂ ಎಂಟು–ಒಂಬತ್ತು ನಿಮಿಷ ತಡವಾಗಿ. ಯುರೇನಸ್, ನೆಪ್ಚೂನ್, ಪ್ಲೂಟೊಗಳು ಒಂದೊಂದು ರಾಶಿಯಲ್ಲಿ ವರ್ಷಗಟ್ಟಲೆ ಕೂರುವುದರಿಂದ ಅವುಗಳ ಒಟ್ಟುಗೂಡುವಿಕೆ ಒಂದು ತಲೆಮಾರಿನದೇ ಹೊರತು ಒಬ್ಬ ವ್ಯಕ್ತಿಯದಲ್ಲ.

ಒಂದು ದಿನವನ್ನೇ ತೆಗೆದುಕೊಂಡು ಬಿಡಿಸಿ ನೋಡೋಣ. 1990ರ ಜನವರಿ 11, ಗುರುವಾರ, ಬನದ ಹುಣ್ಣಿಮೆ. ಪಾಶ್ಚಾತ್ಯರು ಬಳಸುವ ಸಾಯನ ಲೆಕ್ಕದಲ್ಲಿ ಅಂದು ರವಿ, ಬುಧ, ಶನಿ, ಯುರೇನಸ್, ನೆಪ್ಚೂನ್ ಮಕರದಲ್ಲಿದ್ದರು, ಶುಕ್ರ ಕುಂಭದ ಆರಂಭದಲ್ಲಿ, ಕುಜ ಧನುವಿನ ನಡುವಿನಲ್ಲಿ, ಪ್ಲೂಟೊ ವೃಶ್ಚಿಕದಲ್ಲಿ. ಎದುರಿನ ಕರ್ಕಾಟಕದಲ್ಲಿ ಚಂದ್ರ ಮತ್ತು ಗುರು. ಶಿವಮೊಗ್ಗದಲ್ಲಿ ಬೆಳಿಗ್ಗೆ 9ಕ್ಕೆ ಒಂದು ಮಗು ಹುಟ್ಟಿತೆಂದು ಇಟ್ಟುಕೊಳ್ಳೋಣ. ಲಗ್ನ ಕುಂಭದ ಸುಮಾರು 23ನೇ ಅಂಶ, ದಶಮ ಬಿಂದು ಧನುವಿನ ಮೊದಲ ಅಂಶ. ರವಿಯಿಂದ ಕುಜನವರೆಗಿನ ಏಳು ಗ್ರಹಗಳು ಪೂರ್ವಾರ್ಧದಲ್ಲಿ, ಅದೂ ಲಗ್ನ–ದಶಮಗಳ ನಡುವಿನ ಒಂದೇ ಕಾಲುಭಾಗದಲ್ಲಿ. ಪ್ಲೂಟೊ ಸೇರಿ ಎಂಟು ಮೇಲರ್ಧದಲ್ಲಿ. ವಾಡಿಕೆಯ ಓದಿನಲ್ಲಿ ಇದು ತನ್ನ ದಾರಿಯನ್ನು ತಾನೇ ಕಡಿದುಕೊಂಡು ಲೋಕದ ಎದುರು ನಿಲ್ಲುವ ಜಾತಕ. ಅದೇ ಆಸ್ಪತ್ರೆಯಲ್ಲಿ ಅದೇ ದಿನ ಮಧ್ಯಾಹ್ನ 3ಕ್ಕೆ ಇನ್ನೊಂದು ಮಗು ಹುಟ್ಟಿದರೆ ಲಗ್ನ ಮಿಥುನದ ಆರನೇ ಅಂಶಕ್ಕೆ ಸರಿದಿರುತ್ತದೆ, ಅವೇ ಏಳು ಗ್ರಹಗಳು ದಶಮ–ಸಪ್ತಮಗಳ ನಡುವೆ ಇಳಿದಿರುತ್ತವೆ, ಪ್ಲೂಟೊ ಸೇರಿ ಎಂಟು ಪಶ್ಚಿಮಾರ್ಧದಲ್ಲಿರುತ್ತವೆ. ಈಗ ಓದು ತಿರುವುಮುರುವು: ಇತರರಿಲ್ಲದೆ ಈ ಬದುಕು ಮುಂದೆ ಸಾಗದು ಎನ್ನಬೇಕಾಗುತ್ತದೆ.

ಆರು ಗಂಟೆಗಳ ಅಂತರಕ್ಕೆ ಇಷ್ಟು ದೊಡ್ಡ ತೀರ್ಪು ಹೇಳುವ ಮೊದಲು ಎಣಿಕೆಯನ್ನು ಸೋಸಬೇಕು. ತಲೆಮಾರಿನ ಮೂರು ಗ್ರಹಗಳನ್ನು ಬದಿಗಿಡಿ. ರವಿ, ಬುಧ, ಶುಕ್ರರನ್ನು ಒಂದೇ ಗುಂಪೆಂದು ಒಂದು ಸಲ ಎಣಿಸಿ. ಬೆಳಗಿನ ಮಗುವಿಗೆ ಪೂರ್ವದಲ್ಲಿ ರವಿಗುಂಪು, ಕುಜ, ಶನಿ. ಪಶ್ಚಿಮದಲ್ಲಿ ಚಂದ್ರ, ಗುರು. ಏಳಕ್ಕೆ ಮೂರು ಎಂದು ಕಂಡದ್ದು ಮೂರಕ್ಕೆ ಎರಡಾಯಿತು. ಮಧ್ಯಾಹ್ನದ ಮಗುವಿಗೆ ಎಂಟಕ್ಕೆ ಎರಡಿದ್ದದ್ದೂ ಅಷ್ಟೇ, ದಿಕ್ಕು ಮಾತ್ರ ಅದಲುಬದಲು. ವಾಲಿಕೆ ಇದೆ, ಆದರೆ ಅದು ಸ್ವಾರ್ಥ–ಪರಾರ್ಥಗಳ ಹಣೆಬರಹ ಬರೆಯುವಷ್ಟು ಭಾರದ್ದಲ್ಲ. ಖಾಲಿಯಾಗಿ ಕಾಣುವ ಅರ್ಧದಲ್ಲಿ ಯಾರು ಉಳಿದಿದ್ದಾರೆ ಎಂಬುದು ಇಲ್ಲಿ ಎಣಿಕೆಗಿಂತ ಹೆಚ್ಚು ಹೇಳುತ್ತದೆ. ಒಂಟಿಯಾಗಿ ನಿಂತ ಗ್ರಹಕ್ಕೆ ವಿಶೇಷ ತೂಕ ಕೊಡಬೇಕೆಂದು ಜೋನ್ಸ್ ಕೂಡ ಹೇಳಿದ್ದಾರೆ. ಬೆಳಗಿನ ಮಗುವಿನ ಕೆಳಗಿನ ಅರ್ಧದಲ್ಲಿರುವವರು ಚಂದ್ರ ಮತ್ತು ಗುರು, ಅದೂ ಪೂರ್ಣಚಂದ್ರ, ಎದುರಿನ ರವಿಯನ್ನು ನೇರವಾಗಿ ನೋಡುತ್ತಿರುವವನು. ಹೊರಗಿನ ಕೆಲಸವನ್ನೆಲ್ಲ ಸ್ವಂತ ಬಲದಿಂದ ನಡೆಸುವ ವ್ಯಕ್ತಿ ತನ್ನ ಮಮತೆಯ ಭಾರವನ್ನೆಲ್ಲ ಮನೆಯೊಳಗಿನ ಕೆಲವೇ ಜನರ ಮೇಲೆ ಇಟ್ಟಿರುತ್ತಾನೆ ಎಂದು ಓದುವುದು ‘ಇವನಿಗೆ ಇತರರು ಬೇಡ’ ಎನ್ನುವುದಕ್ಕಿಂತ ಎಷ್ಟೋ ಸಮೀಪದ ಮಾತು.

ಸೋಸಿದ ಮೇಲೂ ಕರಗದ ಗುಂಪು ಇರುವುದಿಲ್ಲ ಎಂದಲ್ಲ. 1962ರ ಫೆಬ್ರವರಿಯ ಅಷ್ಟಗ್ರಹ ಕೂಟವನ್ನು ನೆನೆಯುವ ಹಿರಿಯರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ದೇಶದ ಉದ್ದಗಲಕ್ಕೂ ಹೋಮಹವನಗಳು ನಡೆದ ಕಾಲ ಅದು. ಆಗ ಕಣ್ಣಿಗೆ ಕಾಣುವ ಏಳೂ ಗ್ರಹಗಳು ಒಂದೇ ರಾಶಿಯಲ್ಲಿದ್ದವು, ಎಂಟನೆಯದು ಕೇತು. ಅಮಾವಾಸ್ಯೆಯ ಹತ್ತಿರವಾದ್ದರಿಂದಲೇ ಇದು ಸಾಧ್ಯವಾಯಿತು. ಹುಣ್ಣಿಮೆಯಲ್ಲಿ ರವಿ–ಚಂದ್ರರು ಎದುರುಬದುರಾಗಿ ಎರಡು ಅರ್ಧಗಳಿಗೂ ಹಂಚಿಹೋಗುತ್ತಾರೆ. ಆ ಫೆಬ್ರವರಿ 4ರ ಬೆಳಿಗ್ಗೆ 9ಕ್ಕೆ ಇಲ್ಲಿ ಹುಟ್ಟಿದವರ ಚಕ್ರದಲ್ಲಿ ಏಳೂ ಗ್ರಹಗಳು ಮೇಲಿನ ಪೂರ್ವ ಕಾಲುಭಾಗದಲ್ಲೇ ಇವೆ, ಯಾವ ಸೋಸುವಿಕೆಗೂ ಅವು ಚದುರುವುದಿಲ್ಲ. ಅಂಥ ಜಾತಕದಲ್ಲಿ ವಾಲಿಕೆಯ ಮಾತನ್ನು ಧೈರ್ಯವಾಗಿ ಆಡಬಹುದು.

ಕಾಲುಭಾಗಗಳ ಎಣಿಕೆಯಲ್ಲಿ ಊರಿನ ಅಕ್ಷಾಂಶವೂ ಕೈಯಾಡಿಸುತ್ತದೆ. ಅರ್ಧಗಳು ಎಲ್ಲೆಡೆ 180 ಅಂಶವೇ, ಆದರೆ ಲಂಡನ್ನಿನಲ್ಲಿ ಲಗ್ನ–ದಶಮಗಳ ನಡುವಿನ ಅಂತರ ಒಂದು ಹೊತ್ತಿಗೆ ಸುಮಾರು 54 ಅಂಶವಾದರೆ ಇನ್ನೊಂದು ಹೊತ್ತಿಗೆ ಸುಮಾರು 126ಕ್ಕೆ ಹಿಗ್ಗುತ್ತದೆ, ದೊಡ್ಡ ಭಾಗಕ್ಕೆ ಹೆಚ್ಚು ಗ್ರಹಗಳು ಸುಮ್ಮನೆ ಬೀಳುತ್ತವೆ. ಶಿವಮೊಗ್ಗದಲ್ಲಿ ಈ ಏರಿಳಿತ ಸುಮಾರು 80ರಿಂದ 100ರೊಳಗೇ ಇರುವುದರಿಂದ ನಮ್ಮಲ್ಲಿ ಕಾಲುಭಾಗದ ಓದಿಗೆ ಆ ದೋಷ ಕಡಿಮೆ.

ತಮ್ಮ ಮನೆಯ ಚೌಕದ ಕುಂಡಲಿಯಿಂದಲೇ ಇದನ್ನು ನೋಡಿಕೊಳ್ಳಬಹುದು. ಅಯನಾಂಶದ ಚಿಂತೆ ಬೇಡ, ಏಕೆಂದರೆ ಸಾಯನದಿಂದ ನಮ್ಮ ಕುಂಡಲಿಯ ನಿರಯನ ಲೆಕ್ಕಕ್ಕೆ ಬಂದಾಗ ಲಗ್ನವೂ ಗ್ರಹಗಳೂ ಒಂದೇ ಪ್ರಮಾಣದಲ್ಲಿ ಹಿಂದೆ ಸರಿಯುತ್ತವೆ, ಅರ್ಧ ಬದಲಾಗುವುದಿಲ್ಲ. ಲಗ್ನದಿಂದ ಎಣಿಸಿ ಏಳರಿಂದ ಹನ್ನೆರಡರವರೆಗಿನ ಮನೆಗಳು ಮೇಲರ್ಧ. ಆದರೆ ಲಗ್ನದ ಮನೆಯಲ್ಲಿಯೂ ಸಪ್ತಮದಲ್ಲಿಯೂ ಇರುವ ಗ್ರಹಗಳ ಸ್ಫುಟವನ್ನು, ಅಂದರೆ ನಿಖರವಾದ ಅಂಶವನ್ನು, ಲಗ್ನಸ್ಫುಟದೊಂದಿಗೆ ಹೋಲಿಸಲೇಬೇಕು. ಮೇಲೆ ಹೇಳಿದ 9 ಗಂಟೆಯ ಮಗುವಿಗೆ ನಿರಯನ ಲಗ್ನ ಮಕರದ ಸುಮಾರು 29ನೇ ಅಂಶ, ಶುಕ್ರ ಅದೇ ಮಕರದ 9ರ ಆಸುಪಾಸಿನಲ್ಲಿ. ಶುಕ್ರ ಆಗಲೇ ಉದಯಿಸಿ ಕ್ಷಿತಿಜದ ಮೇಲೇರಿದ್ದಾನೆ. ಬರೀ ಮನೆ ಎಣಿಸಿದವರು ಅವನನ್ನು ಒಂದನೇ ಮನೆಯವನೆಂದು ಕೆಳಗಿನ ಅರ್ಧಕ್ಕೆ ಹಾಕುತ್ತಾರೆ, ಎಂಟಕ್ಕೆ ಎರಡು ಇದ್ದದ್ದು ಅವರ ಕೈಯಲ್ಲಿ ಏಳಕ್ಕೆ ಮೂರಾಗುತ್ತದೆ.