ಒಂದು ಗಂಟೆಯ ಪಾರಾಯಣಕ್ಕೆ ಶೇ. 20 ರಿಟೆನ್ಷನ್: ನಿಲ್ಲಿಸಬೇಕಾ, ಮುಂದುವರಿಸಬೇಕಾ?

ಪ್ರಶ್ನೆ: ನಮ್ಮ ಭಜನಾ ಮಂಡಳಿಯ ಯೂಟ್ಯೂಬ್ ಚಾನೆಲ್‌ನಲ್ಲಿ ಮೂರು ಬಗೆಯ ವಿಡಿಯೋ ಹಾಕುತ್ತೇವೆ. ಸಾಹಿತ್ಯ ಸಮೇತ ದಾಸರ ಪದಗಳು, ಸುಮಾರು 6 ನಿಮಿಷ. ಪ್ರವಚನ, 12 ನಿಮಿಷ. ರಾಯರ ಶ್ಲೋಕ 108 ಬಾರಿ, ಒಂದು ಗಂಟೆ. ಜನ ಸರಾಸರಿ ನೋಡುವುದು ಪದಗಳನ್ನು ಶೇ. 55, ಪ್ರವಚನವನ್ನು ಶೇ. 35, ಪಾರಾಯಣವನ್ನು ಬರೀ ಶೇ. 20. ಮೂರನ್ನೂ ಮಾಡುವಷ್ಟು ಪುರುಸೊತ್ತು ನಮಗಿಲ್ಲ. ಪಾರಾಯಣ ನಿಲ್ಲಿಸಿಬಿಡೋಣವೇ?

ಉತ್ತರ: ಈ ಮೂರು ಅಂಕಿಗಳನ್ನೇ ನೋಡಿ ನಿಲ್ಲಿಸಬೇಡಿ. ವಿಡಿಯೋ ಉದ್ದವಾದಷ್ಟೂ ಶೇಕಡಾವಾರು ಇಳಿಯುವುದು ಸಹಜ. ಅದನ್ನೇ ನಿಮಿಷಕ್ಕೆ ತಿರುಗಿಸಿ ನೋಡಿ. ಪದಕ್ಕೆ ಸುಮಾರು 3 ನಿಮಿಷ 18 ಸೆಕೆಂಡ್, ಪ್ರವಚನಕ್ಕೆ 4 ನಿಮಿಷ 12 ಸೆಕೆಂಡ್, ಪಾರಾಯಣಕ್ಕೆ 12 ನಿಮಿಷ. ಪಟ್ಟಿ ತಲೆಕೆಳಗಾಯಿತು ಅಲ್ವಾ? ಹಾಗಂತ ಪಾರಾಯಣವೇ ಗೆದ್ದಿತು ಎಂದೂ ಹೇಳುವಂತಿಲ್ಲ. ಸರಾಸರಿ ಎರಡು ತೀರಾ ಬೇರೆ ಸಂಗತಿಗಳನ್ನು ಒಂದೇ ಅಂಕಿಯೊಳಗೆ ಮುಚ್ಚಿಡುತ್ತದೆ. ಅದನ್ನು ಬಿಚ್ಚಿ ತೋರಿಸುವುದು ಗ್ರಾಫ್.

ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋದ ಅನಲಿಟಿಕ್ಸ್ ತೆರೆದು ರಿಟೆನ್ಷನ್ ಗ್ರಾಫ್ ನೋಡಿ. ಯಾವ ಕ್ಷಣದಲ್ಲಿ ಶೇಕಡಾ ಎಷ್ಟು ಜನ ಇನ್ನೂ ನೋಡುತ್ತಿದ್ದರು ಎಂದು ಅದರ ಗೆರೆ ತೋರಿಸುತ್ತದೆ. 100 ಜನ ಬಂದರು ಎಂದುಕೊಳ್ಳೋಣ. ಅವರಲ್ಲಿ 81 ಮಂದಿ ಸುಮಾರು ಒಂದು ನಿಮಿಷ ನೋಡಿ ಹೋದರು, 19 ಮಂದಿ ಕೊನೆಯವರೆಗೂ ಉಳಿದರು. ಸರಾಸರಿ ಹೆಚ್ಚುಕಡಿಮೆ 12 ನಿಮಿಷ. ಇನ್ನೊಂದು ವಿಡಿಯೋದಲ್ಲಿ ಗೆರೆ ಮೊದಲಿನಿಂದಲೂ ಒಂದೇ ಸಮನೆ ಇಳಿದು 24ನೇ ನಿಮಿಷಕ್ಕೆ ನೆಲ ಮುಟ್ಟಿತು. ಅಲ್ಲೂ ಸರಾಸರಿ 12 ನಿಮಿಷವೇ, ಶೇ. 20. ಆದರೆ ಮೊದಲನೆಯದನ್ನು ಮುಂದುವರಿಸಬೇಕು. ಎರಡನೆಯದರಲ್ಲಿ ಯಾರಿಗೂ ಒಂದು ಗಂಟೆ ಬೇಕಾಗಿಲ್ಲ, 20 ನಿಮಿಷದ ವಿಡಿಯೋ ಸಾಕು.

ಭಕ್ತಿ ವಿಡಿಯೋಗಳಲ್ಲಿ ಮೊದಲನೆಯ ಆಕಾರ ಜಾಸ್ತಿ ಕಾಣುತ್ತದೆ, ಅದಕ್ಕೆ ಕಾರಣವೂ ಇದೆ. ಗುರುವಾರ ಬೆಳಿಗ್ಗೆ ದೀಪ ಹಚ್ಚಿ, ಟಿವಿಯಲ್ಲಿ ಶ್ಲೋಕ ಹಾಕಿ, ಪೂಜೆ ಮುಗಿಯುವ ತನಕ ಹಾಗೇ ಬಿಡುವವರು ಇದ್ದಾರೆ. ಗ್ರಾಫಿನ ಮಟ್ಟಸ ಗೆರೆ ಅವರದ್ದು. ಇದು ನಿಜವೇ ಎಂದು ಪರೀಕ್ಷಿಸಲು Advanced mode ತೆರೆದು, ಯಾವ ಸಾಧನದಲ್ಲಿ ನೋಡುತ್ತಾರೆ, ಯಾವ ವಾರ ನೋಡುತ್ತಾರೆ ಎನ್ನುವುದನ್ನು ನೋಡಿ. ಟಿವಿಯ ಪಾಲು ದೊಡ್ಡದಿದ್ದು, ಗುರುವಾರಗಳಂದು ವೀಕ್ಷಣೆ ಏರುತ್ತಿದ್ದರೆ ನಿಮ್ಮ ಪಾರಾಯಣ ಮನೆಗಳ ಪೂಜೆಯಲ್ಲಿ ಬಳಕೆಯಾಗುತ್ತಿದೆ.

ಒಂದು ಎಚ್ಚರಿಕೆ. ವಿಡಿಯೋ ಓಡುತ್ತಿತ್ತು ಎಂದಷ್ಟೇ ಗ್ರಾಫ್ ಹೇಳುತ್ತದೆ, ಎದುರಿಗೆ ಯಾರಾದರೂ ಕೂತಿದ್ದರೇ ಎಂದು ಹೇಳುವುದಿಲ್ಲ. ಆಟೋಪ್ಲೇಯಲ್ಲಿ ತಾನಾಗಿ ಶುರುವಾಗಿ ಖಾಲಿ ಕೋಣೆಯಲ್ಲಿ ಓಡಿದ್ದೂ ಲೆಕ್ಕಕ್ಕೆ ಬರಬಹುದು. ಹಾಗಾಗಿ ಜನ ಎಲ್ಲಿಂದ ಬಂದರು ಎನ್ನುವುದನ್ನೂ ಜೊತೆಗೇ ನೋಡಿ. ಹುಡುಕಿ ಬಂದವರು, ಚಾನೆಲ್ ಪುಟದಿಂದ ಬಂದವರು ಗಣನೀಯವಾಗಿದ್ದರೆ ಆ ಮಟ್ಟಸ ಗೆರೆಯನ್ನು ನಂಬಬಹುದು.

ಈಗ ಹೋದ 81 ಮಂದಿಯ ವಿಷಯ. ಮೊದಲ 30 ಸೆಕೆಂಡಿನಲ್ಲಿ ಎಷ್ಟು ಜನ ಉಳಿದರು ಎಂದು ಸ್ಟುಡಿಯೋ ಬೇರೆಯಾಗಿಯೇ ತೋರಿಸುತ್ತದೆ. ಅಲ್ಲಿ ಗೆರೆ ಧಡಕ್ಕನೆ ಬಿದ್ದಿದ್ದರೆ ನಿಮ್ಮ ವಿಡಿಯೋದ ಆರಂಭವನ್ನು ಗಡಿಯಾರ ಹಿಡಿದು ನೋಡಿ. ಮಂಡಳಿಯ ಲೋಗೋ, ಶಂಖನಾದ, ಪ್ರಾಯೋಜಕರ ಹೆಸರು, ‘ಸಬ್‌ಸ್ಕ್ರೈಬ್ ಮಾಡಿ’ ಎನ್ನುವ ಮಾತು, ಇವೆಲ್ಲ ಮುಗಿಯುವಾಗ ಮುಕ್ಕಾಲು ನಿಮಿಷ ಆಗಿರುತ್ತದೆ. ಕೈಯಲ್ಲಿ ಆರತಿ ಹಿಡಿದು ನಿಂತವರು ಅಷ್ಟು ಕಾಯುವುದಿಲ್ಲ. ಶ್ಲೋಕ 5ನೇ ಸೆಕೆಂಡಿಗೆ ಶುರುವಾಗಲಿ, ಉಳಿದದ್ದನ್ನು ವಿವರಣೆಯಲ್ಲಿ ಬರೆಯಿರಿ. ಎಷ್ಟೋ ಸಲ ಸೋತದ್ದು ಪೀಠಿಕೆ ಮಾತ್ರ, ಪ್ರಕಾರ ಚೆನ್ನಾಗಿಯೇ ಇರುತ್ತದೆ.

ದಾಸರ ಪದಗಳ ಗ್ರಾಫಿನಲ್ಲಿ ನೋಡಬೇಕಾದದ್ದು ಏರುಗಳನ್ನು. ಜನ ಹಿಂದಕ್ಕೆ ಹೋಗಿ ಮತ್ತೆ ಕೇಳಿದರೆ ಗೆರೆ ಅಲ್ಲಿ ಉಬ್ಬುತ್ತದೆ. ತುಂಬಾ ಜನ ಹಾಗೆ ಮಾಡಿದರೆ ಶೇ. 100 ದಾಟಲೂಬಹುದು. ಎರಡನೇ ಚರಣದಲ್ಲಿ ಉಬ್ಬಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಸಾಹಿತ್ಯ ಕ್ಲಿಷ್ಟವಾಗಿದೆಯೇ, ಅಕ್ಷರ ಬೇಗ ಸರಿದುಹೋಗುತ್ತದೆಯೇ ನೋಡಿ. ಹೌದಾದರೆ ಅವರು ಪದ ಕಲಿಯಲು ಬಂದವರು. ಅಂಥವರಿಗೆ ಅದೇ ಪದವನ್ನು ನಿಧಾನವಾಗಿ, ಸಾಲು ಸಾಲಾಗಿ ಹೇಳಿಕೊಡುವ ವಿಡಿಯೋ ಮಾಡಿದರೆ ಉಪಯೋಗವಾಗುತ್ತದೆ. ಉಬ್ಬು ಸರಿಯಾಗಿ ಚಾಪ್ಟರ್ ಗುರುತು ಹಾಕಿದ ಜಾಗದಲ್ಲೇ ಇದ್ದು, ಅದಕ್ಕೆ ಮುಂಚೆ ತಗ್ಗು ಇದ್ದರೆ ಅರ್ಥ ಬೇರೆ. ಮೊದಲಿನದನ್ನು ಹಾರಿಸಿ ಜನ ನೇರ ಅಲ್ಲಿಗೆ ಬಂದಿದ್ದಾರೆ.

ನಿಜವಾದ ಪ್ರಶ್ನೆ ಇರುವುದು ನಿಮ್ಮ ಪ್ರವಚನದ ಬಗ್ಗೆ. ಅದರ ಗ್ರಾಫನ್ನು ಹೊಸ ವೀಕ್ಷಕರು, ಮತ್ತೆ ಬಂದವರು ಎಂದು ಬೇರ್ಪಡಿಸಿ ನೋಡಿ. ಹೊಸಬರ ಗೆರೆ ಬಿದ್ದು, ಹಳಬರದ್ದು ನಿಂತಿದ್ದರೆ ಪ್ರವಚನಕ್ಕೆ ತನ್ನದೇ ಕೇಳುಗರು ಇದ್ದಾರೆ. ಅದನ್ನು ಬಿಡಬೇಡಿ, ಶೀರ್ಷಿಕೆಯಲ್ಲಿ ವಿಷಯ ಸ್ಪಷ್ಟವಾಗಿ ಹೇಳಿ. ಹಳಬರೂ ನಾಲ್ಕನೇ ನಿಮಿಷದೊಳಗೆ ಎದ್ದು ಹೋಗುತ್ತಿದ್ದರೆ ಈಗಿರುವ ರೂಪ ಅವರಿಗೆ ಹಿಡಿಸುತ್ತಿಲ್ಲ. ಆಗಲೂ ಒಂದೇ ಸಲಕ್ಕೆ ನಿಲ್ಲಿಸುವ ಬದಲು ಕಥೆಯಿಂದಲೇ ಶುರುಮಾಡುವ 6 ನಿಮಿಷದ ಪ್ರವಚನಗಳನ್ನು ನಾಲ್ಕೈದು ಹಾಕಿ ನೋಡಿ. ಒಂದೇ ವಿಡಿಯೋ ನೋಡಿ ತೀರ್ಮಾನಿಸುವುದು ಬೇಡ. ಹತ್ತಿಪ್ಪತ್ತೇ ವೀಕ್ಷಣೆ ಇರುವ ವಿಡಿಯೋದ ಗೆರೆಯನ್ನು ಒಬ್ಬಿಬ್ಬರೇ ಅಲುಗಾಡಿಸಿಬಿಡುತ್ತಾರೆ. ಈ ದತ್ತಾಂಶ ಬರಲು ಒಂದೆರಡು ದಿನ ಹಿಡಿಯುತ್ತದೆ, ಅಪ್‌ಲೋಡ್ ಮಾಡಿದ ಸಂಜೆಯೇ ನೋಡಿ ಬೇಸರ ಮಾಡಿಕೊಳ್ಳಬೇಡಿ.

ಹೋಲಿಸುವಾಗ ಪದವನ್ನು ಪದದ ಜೊತೆ, ಪಾರಾಯಣವನ್ನು ಪಾರಾಯಣದ ಜೊತೆ ಇಡಿ. ಸ್ಟುಡಿಯೋದಲ್ಲಿ ಪ್ರತಿ ಪ್ರಕಾರಕ್ಕೂ ಒಂದೊಂದು ಗ್ರೂಪ್ ಮಾಡಿಕೊಂಡರೆ ಕೆಲಸ ಹಗುರ. ಶಾರ್ಟ್ಸ್ ಹಾಕುತ್ತಿದ್ದರೆ ಅವನ್ನು ಇದರಲ್ಲಿ ಸೇರಿಸಬೇಡಿ. ನಿಂತು ನೋಡಿದವರೆಷ್ಟು, ಸರಿಸಿ ಹೋದವರೆಷ್ಟು ಎನ್ನುವುದು ಅಲ್ಲಿನ ಮುಖ್ಯ ಅಳತೆ.

ಹಬ್ಬದ ವಿಡಿಯೋಗಳಿಗೆ ಬೇರೆಯೇ ಲೆಕ್ಕ ಬೇಕು. ಸ್ಟುಡಿಯೋ ತಾನಾಗಿ ತೋರಿಸುವುದು ಕಳೆದ 28 ದಿನಗಳನ್ನು. ವರಮಹಾಲಕ್ಷ್ಮಿ ಪೂಜಾ ವಿಧಾನದ ವಿಡಿಯೋವನ್ನು ಕಾರ್ತಿಕದಲ್ಲಿ ಹಾಗೆ ನೋಡಿದರೆ ಸತ್ತಂತೆ ಕಾಣುತ್ತದೆ. ಅದನ್ನು ಹೋದ ಶ್ರಾವಣದ ಜೊತೆ ಈ ಶ್ರಾವಣ ಇಟ್ಟು ಅಳೆಯಿರಿ. ತಾರೀಖು ಪ್ರತಿವರ್ಷ ಸರಿಯುವುದರಿಂದ ಕ್ಯಾಲೆಂಡರ್ ತಿಂಗಳು ಬೇಡ, ಹಬ್ಬಕ್ಕೆ ಮುಂಚಿನ ಹತ್ತು ದಿನ ಹಿಡಿಯಿರಿ. ಎರಡನೇ ವರ್ಷದ ಗ್ರಾಫಿನಲ್ಲಿ ಸಂಕಲ್ಪದ ಜಾಗವನ್ನು ತಪ್ಪದೆ ನೋಡಿ. 2025ರ ಶ್ರಾವಣಕ್ಕೆ ರೆಕಾರ್ಡ್ ಮಾಡಿದ್ದರೆ ಅದರಲ್ಲಿ ವಿಶ್ವಾವಸು ಸಂವತ್ಸರ ಎಂದಿರುತ್ತದೆ, 2026ರ ಶ್ರಾವಣಕ್ಕೆ ಪರಾಭವ ಬೇಕು. ಜೊತೆಗೆ ಹೇಳುತ್ತಾ ಪೂಜೆ ಮಾಡುವವರು ಅಲ್ಲಿಗೇ ಬಿಟ್ಟು ಬೇರೆ ವಿಡಿಯೋಗೆ ಹೋಗಬಹುದು. ಹಾಕಿದ ವಿಡಿಯೋದಲ್ಲಿ ಧ್ವನಿಯ ಒಂದು ತುಂಡನ್ನು ಬದಲಿಸಿ ಹೊಸದು ಸೇರಿಸಲು ಯೂಟ್ಯೂಬ್‌ನಲ್ಲಿ ಆಗುವುದಿಲ್ಲ. ಹಾಗಾಗಿ ಮುಂದಿನ ರೆಕಾರ್ಡಿಂಗ್‌ನಲ್ಲಿ ಸಂವತ್ಸರದ ಜಾಗ ಬಂದಾಗ ಸ್ವಲ್ಪ ಬಿಡುವು ಕೊಡಿ. ಆ ವರ್ಷದ ಹೆಸರನ್ನು ಮನೆಯವರೇ ಹೇಳಿಕೊಳ್ಳುವಂತೆ ಪರದೆಯ ಮೇಲೆ ಸೂಚನೆ ಹಾಕಿ. ಆಗ ಅದೇ ವಿಡಿಯೋ ಮುಂದಿನ ಶ್ರಾವಣಕ್ಕೂ ನಡೆಯುತ್ತದೆ, ಉಳಿದ ಪುರುಸೊತ್ತನ್ನು ಪ್ರವಚನದ ಆ ನಾಲ್ಕೈದು ಪ್ರಯೋಗಗಳಿಗೆ ಇಟ್ಟುಕೊಳ್ಳಬಹುದು.